ನೀವಿಟ್ಟ ಹೆಸರು, ಗೂಗಲ್ ತೋರಿಸುವ ಹೆಸರು

ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ಒಂದರ ಕೆಳಗೊಂದು ನೀಲಿ ಸಾಲುಗಳು ಬರುತ್ತವೆ. ಆ ಸಾಲು ಆಯಾ ಪುಟ ಬರೆದವರು ಇಟ್ಟ ತಲೆಬರಹವೇ ಇರಬೇಕು ಎಂದು ಓದುವವರು ಅಂದುಕೊಳ್ಳುತ್ತಾರೆ. ಬಹಳ ಸಲ ಅದು ನಿಜ. ಆದರೆ ಬರೆದವರೇ ತಮ್ಮ ಪುಟವನ್ನು ಹುಡುಕಿ ನೋಡಿದಾಗ ಕೆಲವೊಮ್ಮೆ ಕಕ್ಕಾಬಿಕ್ಕಿಯಾಗುತ್ತಾರೆ. ತಾವಿಟ್ಟ ಹೆಸರಿನ ಅರ್ಧ ಕಾಣೆಯಾಗಿರುತ್ತದೆ, ಇಲ್ಲವೇ ಪುಟದೊಳಗಿನ ಬೇರಾವುದೋ ಸಾಲು ತಲೆಬರಹವಾಗಿ ಕುಳಿತಿರುತ್ತದೆ. ಯಾರೋ ಜಾಲತಾಣಕ್ಕೆ ಕನ್ನ ಹಾಕಿದ್ದಾರೆಂದು ಗಾಬರಿಯಾಗುವವರೂ ಇದ್ದಾರೆ. ಯಾರೂ ಕನ್ನ ಹಾಕಿರುವುದಿಲ್ಲ. ನಿಮ್ಮ ಪುಟದಲ್ಲಿ ನೀವಿಟ್ಟ ಹೆಸರು ಹಾಗೆಯೇ ಇರುತ್ತದೆ. ಹುಡುಕಾಟದ ಫಲಿತಾಂಶದಲ್ಲಿ ಮಾತ್ರ ಗೂಗಲ್ ಬೇರೆ ಹೆಸರನ್ನು ತೋರಿಸುತ್ತಿರುತ್ತದೆ.

ಇದು ಎಲ್ಲ ಭಾಷೆಯ ಪುಟಗಳಿಗೂ ಆಗುವಂಥದ್ದು. ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಒಂದು ಕಾರಣ ಹೆಚ್ಚಿಗೆ ಇದೆ. ಅದನ್ನು ತಿಳಿಯಲು ಒಂದು ಪುಟವನ್ನು ಕಲ್ಪಿಸಿಕೊಳ್ಳೋಣ.

ರೈತರಿಗೆ ಮಾಹಿತಿ ಕೊಡುವ ಒಂದು ಸಣ್ಣ ಜಾಲತಾಣ. ಅದರಲ್ಲಿ ಪಹಣಿಯನ್ನು ಆನ್‌ಲೈನ್‌ನಲ್ಲಿ ಪಡೆಯುವುದು ಹೇಗೆ ಎಂಬ ಲೇಖನವಿದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ತುಂಬುವವರೆಗೆ ಎಲ್ಲವನ್ನೂ ಒಳ್ಳೆಯ ಕನ್ನಡದಲ್ಲಿ, ಚಿತ್ರಗಳ ಸಮೇತ ವಿವರಿಸಿದ್ದಾರೆ. ಲೇಖನ ಮೊದಲು ಹಾಕಿದ್ದು 2021ರಲ್ಲಿ, ಆಮೇಲೆ 2024ರಲ್ಲಿ ತಿದ್ದಿ ಹೊಸದು ಮಾಡಿದ್ದಾರೆ. ಆ ಪುಟದ ಹಿಂದಿರುವ ಕೋಡ್ ಹೀಗಿದೆ:

```html
<title>Pahani Online 2021 | RTC Online | RTC Karnataka | Bhoomi RTC in Kannada</title>
<meta property="og:title" content="ಜಮೀನು ಇದ್ದವರು ತಪ್ಪದೇ ನೋಡಿ!">
<h1>ಪಹಣಿ ಆನ್‌ಲೈನ್‌ನಲ್ಲಿ ಪಡೆಯುವುದು ಹೇಗೆ? (2024)</h1>
```

ಮೂರು ಸಾಲು, ಮೂರು ಹೆಸರು. ಮೊದಲನೆಯದು ಪುಟದ ಅಧಿಕೃತ ಹೆಸರು. ಬ್ರೌಸರ್‌ನ ಮೇಲ್ತುದಿಯ ಟ್ಯಾಬ್‌ನಲ್ಲಿ ಕಾಣುವುದು ಇದೇ, ಹುಡುಕಾಟದ ಫಲಿತಾಂಶದಲ್ಲಿ ಬರಲಿ ಎಂದು ಬರೆಯುವುದೂ ಇದೇ. ಎರಡನೆಯದು ವಾಟ್ಸ್‌ಆ್ಯಪ್ ಮತ್ತು ಫೇಸ್‌ಬುಕ್‌ಗಾಗಿ. ಲಿಂಕ್ ಕಳಿಸಿದಾಗ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಬರುವ ಸಾಲು ಅಲ್ಲಿಂದ ಬರುತ್ತದೆ. ಮೂರನೆಯದು ಪುಟ ತೆರೆದವರ ಕಣ್ಣಿಗೆ ಮೊದಲು ಬೀಳುವ ದೊಡ್ಡ ತಲೆಬರಹ. ಆಧಾರ್ ಕಾರ್ಡಿನಲ್ಲೊಂದು, ಪಡಿತರ ಚೀಟಿಯಲ್ಲೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಹೆಸರಿದ್ದವರು ತಾಲ್ಲೂಕು ಕಚೇರಿಗೆ ಹೋದರೆ ಏನಾಗುತ್ತದೋ ಈ ಪುಟಕ್ಕೂ ಅದೇ ಆಗುತ್ತದೆ. ಕಚೇರಿಯವರು ತಿದ್ದಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸುತ್ತಾರೆ. ಗೂಗಲ್ ಹಾಗೆ ಕಳಿಸುವುದಿಲ್ಲ, ತನಗೆ ಸರಿ ಕಂಡ ಹೆಸರನ್ನು ತಾನೇ ಬರೆದುಕೊಳ್ಳುತ್ತದೆ.

ಇಲ್ಲಿ ಅದು ಏನನ್ನು ಆರಿಸಬಹುದು? ಮೊದಲ ಹೆಸರಿನಲ್ಲಿ 2021 ಎಂದಿದೆ, ಪುಟದ ಒಳಗೆ 2024 ಎಂದಿದೆ. ಹೆಸರು ಇಂಗ್ಲಿಷ್ ಲಿಪಿಯಲ್ಲಿದೆ, ಲೇಖನ ಪೂರ್ತಿ ಕನ್ನಡದಲ್ಲಿದೆ. ಒಂದೇ ಸಾಲಿನಲ್ಲಿ ಆರ್‌ಟಿಸಿ ಎಂಬುದು ಮೂರು ಸಲ ಬಂದಿದೆ. ಇಷ್ಟೆಲ್ಲ ಇರುವಾಗ ಫಲಿತಾಂಶದಲ್ಲಿ ಆ ಮೊದಲ ಸಾಲು ಹಾಗೇ ಉಳಿಯುವ ಸಂಭವ ಕಡಿಮೆ. ದೊಡ್ಡ ತಲೆಬರಹವಾದ ‘ಪಹಣಿ ಆನ್‌ಲೈನ್‌ನಲ್ಲಿ ಪಡೆಯುವುದು ಹೇಗೆ?’ ಎಂಬುದೇ ಬರುವ ಸಂಭವ ಹೆಚ್ಚು. ನಿಜ ಹೇಳಬೇಕೆಂದರೆ ಓದುಗನಿಗೆ ಅದೇ ಒಳ್ಳೆಯದು. ಈ ಸಂದರ್ಭದಲ್ಲಿ ನಾನು ಗೂಗಲ್ ಪರ.

ಹೆಸರು ಬದಲಿಸುವ ಚಾಳಿ ಹೊಸದೇನಲ್ಲ. ಜಾಲತಾಣಗಳನ್ನು ಸ್ವಯಂಸೇವಕರು ವಿಂಗಡಿಸಿಟ್ಟಿದ್ದ ಡಿಮೋಜ್ ಎಂಬ ದೊಡ್ಡ ಪಟ್ಟಿಯೊಂದಿತ್ತು. ಪುಟದ ಹೆಸರು ಚೆನ್ನಾಗಿಲ್ಲದಿದ್ದರೆ ಆ ಪಟ್ಟಿಯಲ್ಲಿದ್ದ ಹೆಸರನ್ನು ಗೂಗಲ್ ಎತ್ತಿಕೊಳ್ಳುತ್ತಿತ್ತು. 2017ರಲ್ಲಿ ಆ ಪಟ್ಟಿಯೇ ಮುಚ್ಚಿತು. 2012ರಿಂದ ಇನ್ನೊಂದು ಪದ್ಧತಿಯೂ ಇತ್ತು: ನೀವು ಯಾವ ಪದ ಹುಡುಕಿದ್ದೀರಿ ಎಂಬುದರ ಮೇಲೆ ಅದೇ ಪುಟದ ಹೆಸರು ಬೇರೆ ಬೇರೆಯಾಗಿ ಕಾಣಬಹುದಿತ್ತು. 2021ರ ಆಗಸ್ಟ್‌ನಲ್ಲಿ ಇದು ಬದಲಾಯಿತು. ಹುಡುಕಿದ ಪದಕ್ಕಿಂತ ಪುಟ ಒಟ್ಟಾರೆ ಯಾವುದರ ಬಗ್ಗೆ ಇದೆ ಎಂಬುದನ್ನು ನೋಡಿ, ಎಲ್ಲರಿಗೂ ಹೊಂದುವ ಒಂದು ಹೆಸರು ಕಟ್ಟುವ ಹೊಸ ವ್ಯವಸ್ಥೆ ಬಂತು. ಅದಕ್ಕಾಗಿ ಪುಟದಲ್ಲಿ ಓದುಗನ ಕಣ್ಣಿಗೆ ಕಾಣುವ ದೊಡ್ಡ ತಲೆಬರಹವನ್ನು ಮೊದಲಿಗಿಂತ ಹೆಚ್ಚು ನೆಚ್ಚತೊಡಗಿತು.

ಜಾಲತಾಣ ನಡೆಸುವವರು ಆಗ ದೊಡ್ಡ ಗಲಾಟೆ ಎಬ್ಬಿಸಿದರು. ಗೂಗಲ್ ಮರುತಿಂಗಳೇ ಒಂದಿಷ್ಟು ತಿದ್ದಿಕೊಂಡಿತು. ಬರೆದವರು ಕೊಟ್ಟ ಹೆಸರನ್ನೇ ಬಳಸುವುದು ಸುಮಾರು 80 ಶೇಕಡಾ ಇದ್ದದ್ದು ಈಗ ಸುಮಾರು 87 ಶೇಕಡಾಕ್ಕೆ ಏರಿದೆ ಎಂದು ಹೇಳಿತು. ಇದಕ್ಕೆ ವಿರುದ್ಧವಾಗಿ ಕಾಣುವ ಇನ್ನೊಂದು ಲೆಕ್ಕವೂ ಇದೆ. ಅಮೆರಿಕದ ಸೈರಸ್ ಶೆಪರ್ಡ್ ಎಂಬ ತಜ್ಞರು ತಮ್ಮ ಜಿಪ್ಪಿ ಸಂಸ್ಥೆಯಿಂದ 80 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ತಾಳೆ ನೋಡಿ, ನೂರಕ್ಕೆ 61ರಷ್ಟು ಬದಲಾಗಿವೆ ಎಂದರು. ಅವರು ಸಣ್ಣಪುಟ್ಟ ವ್ಯತ್ಯಾಸವನ್ನೂ ಬದಲಾವಣೆ ಎಂದೇ ಎಣಿಸಿದ್ದರು. ಕೊನೆಯಲ್ಲಿದ್ದ ಜಾಲತಾಣದ ಹೆಸರು ಬಿಟ್ಟುಹೋದದ್ದು, ಒಂದು ನಿಂತಗೆರೆ ಅಡ್ಡಗೆರೆಯಾದದ್ದು, ಎಲ್ಲವೂ ಲೆಕ್ಕಕ್ಕೆ ಬಂದಿವೆ. ಹೀಗಾಗಿ ಎರಡೂ ಅಂಕಿಗಳನ್ನು ಜೊತೆಗಿಟ್ಟು ಹೋಲಿಸಲು ಬರುವುದಿಲ್ಲ. ಆ ಅಧ್ಯಯನದ ಒಂದು ಮಾತು ಮಾತ್ರ ನೆನಪಿಡುವಂಥದ್ದು: ಪುಟದ ಅಧಿಕೃತ ಹೆಸರೂ ದೊಡ್ಡ ತಲೆಬರಹವೂ ಒಂದೇ ಆಗಿದ್ದ ಕಡೆ ಬದಲಾವಣೆ ಕಡಿಮೆ ಇತ್ತು.

ಕನ್ನಡಕ್ಕೆ ನೇರವಾಗಿ ತಟ್ಟುವ ವಿಷಯ ಬಂದದ್ದು 2022ರ ಜೂನ್‌ನಲ್ಲಿ. ಪುಟದ ಹೆಸರು ಒಂದು ಭಾಷೆ ಅಥವಾ ಲಿಪಿಯಲ್ಲಿದ್ದು ಒಳಗಿನ ಬರಹ ಇನ್ನೊಂದರಲ್ಲಿದ್ದರೆ, ಬರಹದ ಲಿಪಿಗೆ ಹೊಂದುವ ಹೆಸರನ್ನು ಹುಡುಕಿ ತೋರಿಸುವ ವ್ಯವಸ್ಥೆಯನ್ನು ಗೂಗಲ್ ಪ್ರಕಟಿಸಿತು. ಅದನ್ನು ವಿವರಿಸಲು ಕೊಟ್ಟ ಉದಾಹರಣೆಗಳು ಹಿಂದಿಯವು. ಒಂದು ಬಗೆ ಹಿಂದಿ ಹೆಸರಿನ ಬೆನ್ನಿಗೆ ಅದೇ ಅರ್ಥದ ಇಂಗ್ಲಿಷ್ ಸಾಲನ್ನೂ ‘ಇನ್ ಹಿಂದಿ’ ಎಂಬುದನ್ನೂ ಅಂಟಿಸಿದ್ದು, ಇನ್ನೊಂದು ಹಿಂದಿ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು. ಹಿಂದಿ ತೆಗೆದು ಕನ್ನಡ ಹಾಕಿ ನೋಡಿ, ನಮ್ಮ ಅಡುಗೆ ಪುಟಗಳು, ಯೋಜನೆಗಳ ಮಾಹಿತಿ ಪುಟಗಳು, ಭಕ್ತಿಗೀತೆಯ ಸಾಹಿತ್ಯದ ಪುಟಗಳು ಕಣ್ಣೆದುರು ಬರುತ್ತವೆ. ಒಳಗೆ ಅಚ್ಚಗನ್ನಡ, ಹೊರಗಿನ ಫಲಕದಲ್ಲಿ ‘ಇನ್ ಕನ್ನಡ’ ಎಂಬ ಇಂಗ್ಲಿಷ್.

ಈ ಅಭ್ಯಾಸ ಬಂದದ್ದಕ್ಕೆ ಎರಡು ಕಾರಣಗಳಿವೆ. ಹಳೆಯದು ಫಾಂಟ್‌ನ ಕಾರಣ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ಜಾಲತಾಣಗಳು ತಮ್ಮದೇ ಫಾಂಟ್ ನೆಚ್ಚಿದ್ದವು. ಪುಟದ ಒಳಗೆ ಆ ಫಾಂಟ್ ಹಾಕಿಸಬಹುದಿತ್ತು. ಬ್ರೌಸರ್‌ನ ತಲೆಪಟ್ಟಿಗೂ ಹುಡುಕಾಟದ ಫಲಿತಾಂಶಕ್ಕೂ ಹಾಕಿಸಲು ಆಗುತ್ತಿರಲಿಲ್ಲ. ಅಲ್ಲಿ ಕನ್ನಡ ಎಂಬುದು `PÀ£ÀßqÀ` ಎಂದು ಕಾಣುತ್ತಿತ್ತು. ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಕಡತ ತೆರೆದವರಿಗೆ ಈ ಚೆಲ್ಲಾಪಿಲ್ಲಿ ಅಕ್ಷರಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಅದಕ್ಕಿಂತ ಇಂಗ್ಲಿಷ್ ಹೆಸರೇ ವಾಸಿ ಎಂದು ಎಲ್ಲರೂ ಇಂಗ್ಲಿಷ್‌ನಲ್ಲಿ ಬರೆದರು. ಫಾಂಟ್ ಸಮಸ್ಯೆ ಎಂದೋ ಮುಗಿಯಿತು, ರೂಢಿ ಉಳಿದುಕೊಂಡಿತು.

ಎರಡನೆಯ ಕಾರಣ ಇವತ್ತಿಗೂ ಜೀವಂತವಾಗಿದೆ. ನಮ್ಮ ಜನ ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕುಟ್ಟುತ್ತಾರೆ. ಪಹಣಿ ಹುಡುಕುವವರಲ್ಲಿ ಅನೇಕರು `pahani` ಎಂದೇ ಹುಡುಕುತ್ತಾರೆ. ಹೆಸರು ಕನ್ನಡದಲ್ಲಿದ್ದರೆ ಅವರಿಗೆ ನಮ್ಮ ಪುಟ ಸಿಗುವುದೇ ಇಲ್ಲವೇನೋ ಎಂಬ ಭಯ ಬರೆಯುವವರದ್ದು. ಭಯ ಪೂರ್ತಿ ಸುಳ್ಳಲ್ಲ, ಆದರೆ ಅದಕ್ಕೆ ಕಂಡುಕೊಂಡ ಮದ್ದು ತಪ್ಪು. ಇಂಗ್ಲಿಷ್ ಅಕ್ಷರದ ರೂಪಕ್ಕೆ ಜಾಗ ಬೇಕಿದ್ದರೆ ಪುಟದ ವಿಳಾಸದಲ್ಲಿ, ಅಂದರೆ ಯುಆರ್‌ಎಲ್‌ನಲ್ಲಿ ಕೊಡಬಹುದು. ಕನ್ನಡದ ವಿಳಾಸವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸರಮಾಲೆಯಾಗುತ್ತದೆ, ಹಾಗಾಗಿ ಅಲ್ಲಿ `pahani-online` ಎಂದಿರುವುದು ಹೇಗೂ ಅನುಕೂಲ. ಜನ ಆರ್‌ಟಿಸಿ ಎಂದು ಕರೆಯುವುದನ್ನು ಲೇಖನದ ಒಳಗೆ ಸಹಜವಾಗಿ ಒಂದೆರಡು ಕಡೆ ಬಳಸಬಹುದು. ಹೆಸರಿನ ಸಾಲು ಮಾತ್ರ ಬರಹದ ಭಾಷೆಯಲ್ಲೇ ಇರಬೇಕು. ಗೂಗಲ್ ಕೊಟ್ಟಿರುವ ಸೂಚನೆಯೂ ಇದೇ: ಪುಟದ ಮುಖ್ಯ ಬರಹ ಯಾವ ಭಾಷೆ, ಯಾವ ಲಿಪಿಯಲ್ಲಿದೆಯೋ ಹೆಸರೂ ಅದರಲ್ಲೇ ಇರಲಿ. ನೀವು ಹಾಗೆ ಬರೆಯದಿದ್ದರೆ ಗೂಗಲ್ ತಾನೇ ಕನ್ನಡದ ಸಾಲೊಂದನ್ನು ಪುಟದಿಂದ ಹೆಕ್ಕಬಹುದು. ಅದು ಯಾವ ಸಾಲು ಎಂಬ ಆಯ್ಕೆ ಆಗ ನಿಮ್ಮದಾಗಿರುವುದಿಲ್ಲ.

ಲಿಪಿ ಬಿಟ್ಟರೆ ಹೆಚ್ಚು ಪೆಟ್ಟು ಬೀಳುವುದು ಇಸವಿಗೆ. ಪ್ರವೇಶ, ವಿದ್ಯಾರ್ಥಿವೇತನ, ಪರೀಕ್ಷಾ ವೇಳಾಪಟ್ಟಿಯಂಥ ಪುಟಗಳನ್ನು ಪ್ರತಿ ವರ್ಷ ತಿದ್ದುತ್ತಾರೆ. ತಿದ್ದುವವರು ಕಣ್ಣಿಗೆ ಕಾಣುವ ತಲೆಬರಹದಲ್ಲಿ ಹೊಸ ಇಸವಿ ಹಾಕುತ್ತಾರೆ, ಕೋಡ್‌ನೊಳಗೆ ಅವಿತಿರುವ ಹೆಸರನ್ನು ಮರೆಯುತ್ತಾರೆ. ಅಲ್ಲಿ ಹಳೆಯ ಇಸವಿ, ಇಲ್ಲಿ ಹೊಸದು. ಇಂಥ ಕಡೆ ಗೂಗಲ್ ಹೊಸ ಇಸವಿಯ ತಲೆಬರಹವನ್ನು ಆರಿಸಬಹುದು. ಇಸವಿ ಬೇಕೇ ಬೇಕೆಂದಿಲ್ಲದ ಲೇಖನಕ್ಕೆ ಇಸವಿ ಹಾಕದಿರುವುದೇ ಕ್ಷೇಮ. ಪಹಣಿ ಪಡೆಯುವ ವಿಧಾನ ವರ್ಷ ವರ್ಷ ಬದಲಾಗುವಂಥದ್ದಲ್ಲ. ‘ಹೊಸದು’ ಎಂದು ತೋರಿಸಿಕೊಳ್ಳುವ ಆಸೆಗಷ್ಟೇ ಇಸವಿ ಅಲ್ಲಿ ಸೇರಿರುತ್ತದೆ.

ಇನ್ನು ಕೆಲವು ಹೆಸರುಗಳು ಹೆಸರೇ ಅಲ್ಲ. ಪುಟ ಕಟ್ಟಿದವರು ಹೆಸರಿನ ಜಾಗ ಖಾಲಿ ಬಿಟ್ಟಿರುತ್ತಾರೆ, ಜಾಲತಾಣದ ಅಚ್ಚು ತನ್ನಷ್ಟಕ್ಕೆ ಒಂದು ನಿಂತಗೆರೆ ಎಳೆದು ಸಂಸ್ಥೆಯ ಹೆಸರು ಸೇರಿಸಿರುತ್ತದೆ. ಇಲ್ಲವೇ ಎಲ್ಲ ಪುಟಕ್ಕೂ ಒಂದೇ ಹೆಸರು. ಒಂದು ಸಹಕಾರ ಸಂಘದ ತಾಣದಲ್ಲಿ ಸಾಲ, ಠೇವಣಿ, ಚುನಾವಣೆ, ವಾರ್ಷಿಕ ವರದಿ, ಎಲ್ಲ ಪುಟಗಳಿಗೂ ಸಂಘದ ಹೆಸರು ಮತ್ತು ಊರಿನ ಹೆಸರಷ್ಟೇ ಇದ್ದರೆ ಯಾವುದು ಯಾವುದೆಂದು ಹೇಗೆ ಗೊತ್ತಾಗಬೇಕು? ಗೂಗಲ್ ಪುಟದೊಳಗೆ ಕೈ ಹಾಕಿ ‘ಠೇವಣಿ ಬಡ್ಡಿದರ’ ಎಂಬಂಥ ಮಾತನ್ನು ಹೆಕ್ಕಿ ತಂದು ಸೇರಿಸುವುದು ಇಂಥ ಸಂದರ್ಭದಲ್ಲೇ. ಸಂಸ್ಥೆಯ ಹೆಸರನ್ನು ಹೆಸರಿನ ಸಾಲಿನಿಂದ ಕಿತ್ತುಹಾಕುವುದೂ ಸಾಮಾನ್ಯ. ಅದಕ್ಕೊಂದು ಕಾರಣವಿದೆ. 2022ರ ಅಕ್ಟೋಬರ್‌ನಿಂದ ಮೊಬೈಲ್‌ನಲ್ಲಿ, ಆಮೇಲೆ ಕಂಪ್ಯೂಟರ್‌ನಲ್ಲೂ, ಜಾಲತಾಣದ ಹೆಸರನ್ನು ನೀಲಿ ಸಾಲಿನ ಮೇಲೆ ಪ್ರತ್ಯೇಕವಾಗಿ ತೋರಿಸುತ್ತಿದ್ದಾರೆ. ಮೇಲೊಂದು ಸಲ, ಕೆಳಗೊಂದು ಸಲ ಬೇಡವೆಂದು ಒಂದನ್ನು ಬಿಡುತ್ತಾರೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಇದರ ಉಲ್ಟಾ ಆದಾಗ. ಕೆಲವು ಜಾಲತಾಣಗಳ ವಿನ್ಯಾಸದಲ್ಲಿ ಪ್ರತಿ ಪುಟದ ಮೇಲ್ಗಡೆ ಬರುವ ಸಂಸ್ಥೆಯ ಲಾಂಛನವನ್ನೇ `<h1>` ಎಂಬ ಗುರುತಿನೊಳಗೆ ಇಟ್ಟಿರುತ್ತಾರೆ. ಲೇಖನದ ತಲೆಬರಹ ಅದರ ಕೆಳಗಿನ ದರ್ಜೆಯದ್ದಾಗಿರುತ್ತದೆ. ಮನುಷ್ಯನ ಕಣ್ಣಿಗೆ ಇದು ತಿಳಿಯುವುದಿಲ್ಲ. ಯಂತ್ರಕ್ಕೆ ಮಾತ್ರ ಎಲ್ಲ ಪುಟಗಳ ಮುಖ್ಯ ತಲೆಬರಹ ಒಂದೇ ಎಂದು ಕಾಣುತ್ತದೆ. ಇನ್ನು ಕೆಲವರು ದೊಡ್ಡ ತಲೆಬರಹದ ಗುರುತನ್ನು ಅಕ್ಷರ ದಪ್ಪ ಮಾಡುವ ಸಾಧನವೆಂದುಕೊಂಡು ‘ಇಲ್ಲಿ ಒತ್ತಿ’, ‘ನಮ್ಮ ಗ್ರೂಪ್‌ಗೆ ಸೇರಿ’ ಎಂಬುದಕ್ಕೆಲ್ಲ ಹಾಕಿಬಿಡುತ್ತಾರೆ. ಒಂದು ಪುಟದಲ್ಲಿ ಹೀಗೆ ನಾಲ್ಕೈದು ದೊಡ್ಡ ತಲೆಬರಹಗಳಾದರೆ ಗೂಗಲ್ ಅವುಗಳಲ್ಲಿ ಮೊದಲನೆಯದನ್ನೇ ಹೆಸರಾಗಿ ಹಿಡಿಯಬಹುದು. ನಿಮ್ಮ ಲೇಖನದ ಜಾಗದಲ್ಲಿ ‘ನಮ್ಮ ಗ್ರೂಪ್‌ಗೆ ಸೇರಿ’ ಎಂದು ಕಂಡರೆ ಅಚ್ಚರಿಪಡಬೇಡಿ, ಅದನ್ನು ಅಷ್ಟು ದೊಡ್ಡದಾಗಿ ಬರೆದವರು ನೀವೇ.

ಹಾಗಾದರೆ ನಮ್ಮ ಪಹಣಿ ಪುಟವನ್ನು ತಿದ್ದೋಣ.

```html
<title>ಪಹಣಿ ಆನ್‌ಲೈನ್‌ನಲ್ಲಿ ಪಡೆಯುವುದು ಹೇಗೆ?</title>
<meta property="og:title" content="ಪಹಣಿ ಆನ್‌ಲೈನ್‌ನಲ್ಲಿ ಪಡೆಯುವುದು ಹೇಗೆ?">
<h1>ಪಹಣಿ ಆನ್‌ಲೈನ್‌ನಲ್ಲಿ ಪಡೆಯುವುದು ಹೇಗೆ?</h1>
```

ನೋಡಲು ತೀರಾ ಸಪ್ಪೆ. ಮೂರೂ ಕಡೆ ಒಂದೇ ಸಾಲು, ಇಸವಿ ಇಲ್ಲ, ನಿಂತಗೆರೆ ಇಲ್ಲ, ಒಂದೇ ಪದ ಎರಡು ಸಲ ಬಂದಿಲ್ಲ. ಗೂಗಲ್‌ಗೆ ಇಲ್ಲಿ ಆರಿಸುವ ಕೆಲಸವೇ ಉಳಿದಿಲ್ಲ. ಮೂರೂ ಅಕ್ಷರಶಃ ಒಂದೇ ಇರಲೇಬೇಕೆಂಬ ಕಟ್ಟುಪಾಡು ಇಲ್ಲ. ತಲೆಬರಹದಲ್ಲಿ ಒಂದು ಪದ ಹೆಚ್ಚಿದ್ದರೆ ಏನೂ ಆಗುವುದಿಲ್ಲ. ಆದರೆ ಮೂರೂ ಒಂದೇ ಮಾತು ಹೇಳುತ್ತಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹಂಚುವಾಗ ‘ಜಮೀನು ಇದ್ದವರು ತಪ್ಪದೇ ನೋಡಿ!’ ಎಂದಿದ್ದರೆ ಹೆಚ್ಚು ಜನ ಒತ್ತುತ್ತಾರೆ ಎಂಬ ವಾದವಿದೆ. ಒತ್ತಬಹುದು. ಆದರೆ `og:title` ಎಂಬ ಈ ಸಾಲನ್ನೂ ಗೂಗಲ್ ಹೆಸರಿಗಾಗಿ ನೋಡುತ್ತದೆ, ಒಂದು ದಿನ ಆ ಕೂಗೇ ನಿಮ್ಮ ಲೇಖನದ ಹೆಸರಾಗಬಹುದು. ಕೂಗಬೇಕಿದ್ದರೆ ಲಿಂಕ್ ಜೊತೆ ಕಳಿಸುವ ಸಂದೇಶದಲ್ಲಿ ಕೂಗಬಹುದು.

ಪತ್ರಿಕೆಯಿಂದ ಜಾಲತಾಣಕ್ಕೆ ಬಂದವರಿಗೆ ಇಂಥ ಸಪ್ಪೆ ಹೆಸರು ಒಗ್ಗುವುದಿಲ್ಲ. ‘ಕೊನೆಗೂ ಬಂತು!’ ಎಂದು ಮುದ್ರಿತ ಪುಟದಲ್ಲಿ ಬರೆದರೆ ಪಕ್ಕದ ಚಿತ್ರ, ಮೇಲಿನ ಉಪಶೀರ್ಷಿಕೆ, ಕೆಳಗಿನ ಊರಿನ ಹೆಸರು ಸೇರಿ ಅರ್ಥ ಕೊಡುತ್ತವೆ. ಫಲಿತಾಂಶದ ಪಟ್ಟಿಯಲ್ಲಿ ಆ ಸಾಲು ಒಂಟಿಯಾಗಿ ನಿಲ್ಲುತ್ತದೆ. ಏನು ಬಂತು, ಮಳೆಯೋ, ರೈಲೋ, ಸಂಬಳವೋ? ಯಂತ್ರಕ್ಕೂ ತಿಳಿಯುವುದಿಲ್ಲ, ಓದುಗನಿಗೂ ತಿಳಿಯುವುದಿಲ್ಲ. ಲೇಖನದ ಒಳಗೆ ನಾಮಪದಗಳಿರುವ ಇನ್ನೊಂದು ಸಾಲು ಕಂಡರೆ ಗೂಗಲ್ ಅದನ್ನು ಎತ್ತಿಕೊಂಡು ಬರುತ್ತದೆ. ಚಮತ್ಕಾರದ ಶೀರ್ಷಿಕೆ ನನಗೂ ಇಷ್ಟ, ಆದರೆ ಅದಕ್ಕೆ ಊರು, ವಿಷಯ ಎರಡನ್ನೂ ಸೇರಿಸಿ ‘ಕೊನೆಗೂ ಬಂತು ಊರಿಗೆ ರೈಲು’ ಎಂದರೆ ಚಮತ್ಕಾರವೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ಉದ್ದದ ವಿಷಯದಲ್ಲಿ ಕನ್ನಡದವರು ಸುಮ್ಮನೆ ಗೊಂದಲಪಡುವುದುಂಟು. ಹೆಸರು 60 ಅಕ್ಷರ ಮೀರಬಾರದು ಎಂಬ ನಿಯಮ ಎಲ್ಲ ಕಡೆ ಓಡಾಡುತ್ತದೆ. ಗೂಗಲ್ ಅಂಥ ಮಿತಿಯನ್ನೇ ಇಟ್ಟಿಲ್ಲ. ಪರದೆಯ ಅಗಲಕ್ಕೆ ಎಷ್ಟು ಹಿಡಿಯುತ್ತದೋ ಅಷ್ಟು ತೋರಿಸಿ ಉಳಿದದ್ದನ್ನು ಕತ್ತರಿಸುತ್ತದೆ. 60 ಎಂಬುದು ಇಂಗ್ಲಿಷ್ ಅಕ್ಷರಗಳ ಅಂದಾಜು. ಕನ್ನಡಕ್ಕೆ ಆ ಲೆಕ್ಕ ಕೂಡುವುದಿಲ್ಲ. ‘ರಾಷ್ಟ್ರ’ ಎಂಬ ಪದ ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರ್ ಅದನ್ನು ಏಳೆಂದು ಎಣಿಸುತ್ತದೆ: ರ, ಅದರ ದೀರ್ಘ, ಷ, ಅರ್ಧಾಕ್ಷರದ ಚಿಹ್ನೆ, ಟ, ಮತ್ತೆ ಅದೇ ಚಿಹ್ನೆ, ಕೊನೆಗೆ ರ. ಒತ್ತಕ್ಷರಗಳು ಅಕ್ಷರದ ಕೆಳಗೆ ಕೂರುವುದರಿಂದ ಏಳು ಎಂದು ಎಣಿಸಿದರೂ ಅಷ್ಟು ಅಗಲ ಬೇಕಾಗುವುದಿಲ್ಲ. ಇನ್ನೊಂದೆಡೆ, ಒತ್ತಿಲ್ಲದ ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರಕ್ಕಿಂತ ಅಗಲ. ಹಾಗಾಗಿ ಎಣಿಸುವ ಸಾಧನ ಕೆಂಪು ದೀಪ ತೋರಿಸಿತೆಂದು ಒಳ್ಳೆಯ ಹೆಸರನ್ನು ಕತ್ತರಿಸಬೇಡಿ, ಹಸಿರು ತೋರಿಸಿತೆಂದು ನಂಬಲೂ ಬೇಡಿ. ಮುಖ್ಯವಾದ ನಾಮಪದ ಸಾಲಿನ ಮೊದಲ ಅರ್ಧದಲ್ಲಿರಲಿ. ಕೊನೆ ಕತ್ತರಿಸಿಹೋದರೂ ವಿಷಯ ತಿಳಿಯುತ್ತದೆ.

ಕತ್ತರಿಸುವುದು ಬೇರೆ, ಬದಲಿಸುವುದು ಬೇರೆ ಎಂಬುದನ್ನೂ ಇಲ್ಲೇ ಹೇಳಬೇಕು. ನಿಮ್ಮ ಸಾಲಿನ ಆರಂಭ ಹಾಗೇ ಇದ್ದು ಕೊನೆಯಲ್ಲಿ ಮೂರು ಚುಕ್ಕಿ ಕಂಡರೆ ಹೆಚ್ಚಾಗಿ ಅದು ಜಾಗ ಸಾಲದೆ ಕತ್ತರಿಸಿದ್ದು. ಪದಗಳೇ ಬೇರೆಯಾಗಿದ್ದರೆ ಅದು ಬದಲಾವಣೆ. ತಾಳೆ ನೋಡುವುದು ಕಷ್ಟವಲ್ಲ. ಗೂಗಲ್‌ನಲ್ಲಿ `site:` ಎಂದು ಬರೆದು, ನಡುವೆ ಜಾಗ ಬಿಡದೆ ನಿಮ್ಮ ಪುಟದ ವಿಳಾಸ ಕೊಟ್ಟರೆ ಆ ಪುಟ ಹೇಗೆ ಕಾಣುತ್ತಿದೆ ಎಂದು ತಿಳಿಯುತ್ತದೆ. ಆಮೇಲೆ ಪುಟವನ್ನು ಕಂಪ್ಯೂಟರ್‌ನಲ್ಲಿ ತೆರೆದು `Ctrl+U` ಒತ್ತಿದರೆ ಅದರ ಕೋಡ್ ಬರುತ್ತದೆ. ಅದರಲ್ಲಿ `<title`, `og:title`, `<h1` ಎಂಬ ಮೂರನ್ನು ಹುಡುಕಿ ಪಕ್ಕಪಕ್ಕ ಬರೆದುಕೊಳ್ಳಿ. ಗೂಗಲ್ ತೋರಿಸುತ್ತಿರುವ ಹೆಸರು ಎಲ್ಲಿಂದ ಬಂತೆಂಬುದು ಅನೇಕ ಸಲ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಈ ಮೂರರಲ್ಲಿ ಎಲ್ಲಿಯೂ ಇಲ್ಲದ ಹೆಸರು ಕಂಡರೆ? ಆಗ ನಿಮ್ಮ ಪುಟಕ್ಕೆ ಲಿಂಕ್ ಕೊಟ್ಟವರ ಕಡೆ ನೋಡಬೇಕು. ಬೇರೆ ಪುಟಗಳಲ್ಲಿ ನಿಮ್ಮ ಪುಟದ ಲಿಂಕ್‌ಗೆ ಯಾವ ಪದ ಹಾಕಿದ್ದಾರೆ ಎಂಬುದೂ ಗೂಗಲ್‌ಗೆ ಒಂದು ಸುಳಿವು. ಇದು ವಿಪರೀತಕ್ಕೆ ಹೋಗುವುದು ಒಂದು ಸಂದರ್ಭದಲ್ಲಿ. ಹುಡುಕು ಯಂತ್ರಗಳು ಯಾವ ಪುಟ ಓದಬಾರದು ಎಂದು ತಿಳಿಸುವ `robots.txt` ಎಂಬ ಕಡತದಲ್ಲಿ ನಿಮ್ಮ ಪುಟವನ್ನು ಯಾರೋ ತಡೆದಿದ್ದಾರೆ ಎನ್ನಿ. ಗೂಗಲ್ ಆ ಪುಟವನ್ನು ಓದುವುದಿಲ್ಲ, ಹಾಗಾಗಿ ಅದರ ಹೆಸರೂ ಅದಕ್ಕೆ ಗೊತ್ತಾಗುವುದಿಲ್ಲ. ಆದರೂ ಹೊರಗಿನ ಲಿಂಕ್‌ಗಳ ಬಲದಿಂದ ಪುಟ ಫಲಿತಾಂಶದಲ್ಲಿ ಬರಬಹುದು, ಲಿಂಕ್‌ನಲ್ಲಿದ್ದ ಪದವನ್ನೇ ಹೆಸರಾಗಿ ಹೊತ್ತುಕೊಂಡು. ಅಂಥ ಪುಟದ ಹೆಸರನ್ನು ನೀವು ಎಷ್ಟು ಸಲ ತಿದ್ದಿದರೂ ಗೂಗಲ್‌ಗೆ ಕಾಣುವುದಿಲ್ಲ. ಮೊದಲು ಆ ತಡೆ ತೆಗೆಯಬೇಕು.

‘ನನ್ನ ಹೆಸರನ್ನು ಮುಟ್ಟಬೇಡ’ ಎಂದು ಗೂಗಲ್‌ಗೆ ಆಜ್ಞೆ ಮಾಡುವ ಗುರುತು ಇದೆಯೇ ಎಂದು ಹಲವರು ಕೇಳುತ್ತಾರೆ. ಇಲ್ಲ. ಹೆಸರಿನ ಕೆಳಗೆ ಬರುವ ಎರಡು ಸಾಲಿನ ವಿವರಣೆಯನ್ನು ತೋರಿಸಬೇಡ ಎನ್ನಲು ಗುರುತಿದೆ, ಹೆಸರಿಗೆ ಇಲ್ಲ. ಈ ಲೇಖನದಲ್ಲಿ ಹೇಳಿದ್ದನ್ನೆಲ್ಲ ಮಾಡಿದರೂ ಬದಲಾವಣೆಯ ಸಂಭವ ಕಡಿಮೆಯಾಗುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ. ಖಾತ್ರಿ ಕೊಡುತ್ತೇವೆ ಎಂದು ಹಣ ಕೇಳುವವರು ಬಂದರೆ ಬಾಗಿಲಲ್ಲೇ ಕಳಿಸಬಹುದು. ಒಂದು ಸಮಾಧಾನವಿದೆ: ಫಲಿತಾಂಶದಲ್ಲಿ ಬೇರೆ ಹೆಸರು ತೋರಿಸಿದರೂ, ಯಾವ ಪುಟ ಮೇಲೆ ಯಾವುದು ಕೆಳಗೆ ಎಂದು ನಿರ್ಧರಿಸುವಾಗ ನೀವಿಟ್ಟ ಹೆಸರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಾಗಿ ಗೂಗಲ್ ಹೇಳಿದೆ. ಹಾಗಾಗಿ ಬದಲಾದ ಹೆಸರಿಗೆ ಹೆದರಿ ಪುಟವನ್ನೇ ಬುಡಮೇಲು ಮಾಡುವ ಅಗತ್ಯವಿಲ್ಲ.

ಎಲ್ಲ ಬದಲಾವಣೆಯನ್ನೂ ತಿದ್ದಬೇಕಿಲ್ಲ ಎಂಬುದೂ ನನ್ನ ಅಭಿಪ್ರಾಯ. ಗೂಗಲ್ ತೋರಿಸುತ್ತಿರುವ ಹೆಸರು ನಿಮ್ಮದಕ್ಕಿಂತ ಸ್ಪಷ್ಟವಾಗಿದ್ದರೆ ಅದನ್ನೇ ನಕಲು ಮಾಡಿ ನಿಮ್ಮ ಹೆಸರಾಗಿ ಇಟ್ಟುಕೊಳ್ಳಬಹುದು. ಹಟ ಹಿಡಿಯಬೇಕಾದದ್ದು ಅರ್ಥ ಕೆಟ್ಟಾಗ. ಔಷಧಿಯ ಪ್ರಮಾಣ, ಅರ್ಜಿಯ ಕೊನೆಯ ದಿನ, ಒಬ್ಬ ವ್ಯಕ್ತಿಯ ಮೇಲಿನ ಆರೋಪ, ಇಂಥ ಪುಟಗಳಲ್ಲಿ ‘ಅಲ್ಲ’, ‘ಇಲ್ಲ’, ‘ಸುಳ್ಳು’ ಎಂಬ ಒಂದು ಪದ ಬಿದ್ದುಹೋದರೆ ಹೆಸರು ತಿರುಗುಮುರುಗಾಗುತ್ತದೆ. ಕನ್ನಡದಲ್ಲಿ ನಿಷೇಧ ಸಾಲಿನ ಕೊನೆಗೆ ಬರುವುದರಿಂದ, ಹೆಸರು ಉದ್ದವಾಗಿ ಕೊನೆ ಕತ್ತರಿಸಿದರೆ ಮೊದಲು ಹೋಗುವುದೇ ಆ ಪದ. ‘ಈ ಯೋಜನೆಯಲ್ಲಿ ಎಲ್ಲ ರೈತರಿಗೂ ಹಣ ಸಿಗುತ್ತದೆ ಎಂಬ ಸುದ್ದಿ ಸುಳ್ಳು’ ಎಂದು ಬರೆಯುವ ಬದಲು ‘ಸುಳ್ಳು ಸುದ್ದಿ:’ ಎಂದು ಆರಂಭಿಸಿದರೆ ಅಪಾಯ ಕಳೆಯುತ್ತದೆ.

ತಿದ್ದಿದ ಕೂಡಲೇ ಫಲಿತಾಂಶ ಬದಲಾಗಲಿಲ್ಲವೆಂದು ಮತ್ತೆ ಮತ್ತೆ ಹೆಸರು ಬದಲಿಸುತ್ತ ಕೂರಬೇಡಿ. ಗೂಗಲ್ ಆ ಪುಟಕ್ಕೆ ಮತ್ತೆ ಬಂದು ಓದಿ ಸಂಸ್ಕರಿಸಬೇಕು. ಅದಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯುತ್ತದೆ. ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ಉಚಿತ ಸಾಧನದಲ್ಲಿ ನಿಮ್ಮ ಜಾಲತಾಣ ನೋಂದಾಯಿಸಿದ್ದರೆ ಪುಟದ ವಿಳಾಸ ಕೊಟ್ಟು ಮತ್ತೊಮ್ಮೆ ಓದುವಂತೆ ಕೋರಿಕೆ ಸಲ್ಲಿಸಬಹುದು, ಗೂಗಲ್ ಕೊನೆಯ ಸಲ ಆ ಪುಟ ಓದಿದ್ದು ಯಾವಾಗ ಎಂಬುದೂ ಅಲ್ಲೇ ಕಾಣುತ್ತದೆ. ಆ ದಿನಾಂಕ ನೀವು ತಿದ್ದಿದ ದಿನಕ್ಕಿಂತ ಹಿಂದಿನದಾಗಿದ್ದರೆ ಇನ್ನೂ ಕಾಯಬೇಕು ಎಂದರ್ಥ. ಮುಂದಿನದಾಗಿದ್ದು, ಕೆಲವು ವಾರಗಳಾದರೂ ಹಳೆಯ ಹೆಸರೇ ಬರುತ್ತಿದ್ದರೆ ಮತ್ತೆ ಕೋಡ್ ತೆರೆದು ನೋಡಿ. ಲಾಂಛನದ ಮೇಲಿನ `<h1>` ಅಥವಾ ಮರೆತುಹೋದ `og:title` ಎಲ್ಲೋ ಉಳಿದುಕೊಂಡಿರಬಹುದು.